11.068 ಮತ್ತು 11.068: ಯೂಜೀನ್‌ನ ಆ ಮೂರನೇ ಸ್ಥಾನ ಯಾರದು?

2012ರ ಜೂನ್ 23, ಅಮೆರಿಕದ ಆರೆಗನ್ ರಾಜ್ಯದ ಯೂಜೀನ್ ಊರಿನ ಹೇವರ್ಡ್ ಫೀಲ್ಡ್. ಲಂಡನ್ ಒಲಿಂಪಿಕ್ಸ್‌ಗೆ ತಂಡ ಆರಿಸುವ ಟ್ರಯಲ್ಸ್‌ನಲ್ಲಿ ಮಹಿಳೆಯರ 100 ಮೀಟರ್ ಫೈನಲ್ ಮುಗಿದಿತ್ತು. ಕಾರ್ಮೆಲಿಟಾ ಜೆಟರ್ 10.92 ಸೆಕೆಂಡಿನಲ್ಲಿ ಮೊದಲಿಗರಾದರು, ಟಿಯಾನಾ ಮ್ಯಾಡಿಸನ್ 10.96ರಲ್ಲಿ ಎರಡನೆಯವರು. ತಂಡಕ್ಕೆ ಹೋಗುವುದು ಮೂವರು ಮಾತ್ರ. ಮೂರನೇ ಜಾಗಕ್ಕೆ ಜೆನೆಬಾ ಟಾರ್ಮೊ ಮತ್ತು ಆಲಿಸನ್ ಫೆಲಿಕ್ಸ್ ಹೆಚ್ಚುಕಡಿಮೆ ಒಟ್ಟಿಗೇ ಗೆರೆ ದಾಟಿದ್ದರು. ಇಬ್ಬರ ಹೆಸರಿನ ಮುಂದೆಯೂ 11.07 ಎಂದೇ ಬಂತು, ಆದರೆ ಮೂರನೆಯವರು ಟಾರ್ಮೊ ಎಂದು ಫಲಕ ತೋರಿಸಿತು. ಅವರು ಪದಕ ಪಡೆದರು, ಮೈದಾನ ಸುತ್ತಿ ಬಂದರು, ಪತ್ರಕರ್ತರ ಎದುರು ಕುಳಿತು ಮಾತನಾಡಿದರು. ಆಮೇಲೆ ಫಲಿತಾಂಶ ಬದಲಾಯಿತು: ಮೂರನೇ ಸ್ಥಾನಕ್ಕೆ ಇಬ್ಬರೂ ಸಮ, ಇಬ್ಬರ ಸಮಯವೂ 11.068.

ಸೆಕೆಂಡಿಗೆ 3,000 ಬಾರಿ ಗೆರೆಯನ್ನು ನೋಡುವ ಕ್ಯಾಮೆರಾ ಇದ್ದೂ ಇಬ್ಬರಲ್ಲಿ ಯಾರು ಮುಂದೆ ಎಂದು ಹೇಳಲಾಗಲಿಲ್ಲ ಎಂದರೆ ಮೊದಲು ಅನುಮಾನ ಬರುವುದು ಯಂತ್ರದ ಮೇಲೆ. ಆದರೆ ಅಂದು ಯಂತ್ರಕ್ಕೆ ಸಾಕಷ್ಟು ಸೂಕ್ಷ್ಮತೆ ಇತ್ತು. ಸಿಕ್ಕು ಇದ್ದದ್ದು ಬೇರೆ ಕಡೆ. ಅದನ್ನು ತಿಳಿಯಲು ಈ ಚಿತ್ರ ಹೇಗೆ ಹುಟ್ಟುತ್ತದೆ ಎಂಬಲ್ಲಿಂದ ಹೊರಡಬೇಕು.

ಒಂದೇ ಗೆರೆಯನ್ನು ನೋಡುವ ಕ್ಯಾಮೆರಾ

ಫೋಟೊ ಫಿನಿಶ್ ಚಿತ್ರ ನಾವು ತಿಳಿದಂತೆ ಫೋಟೊ ಅಲ್ಲ. ಸಾಮಾನ್ಯ ಕ್ಯಾಮೆರಾ ಒಂದು ಕ್ಷಣದಲ್ಲಿ ಇಡೀ ದೃಶ್ಯವನ್ನು ಹಿಡಿಯುತ್ತದೆ. ಈ ಕ್ಯಾಮೆರಾ ಒಂದು ಪಿಕ್ಸೆಲ್ ಅಗಲದ, ಉದ್ದಕ್ಕೆ ನಿಂತ ಒಂದು ಪಟ್ಟಿಯನ್ನಷ್ಟೇ ನೋಡುತ್ತದೆ. ಆ ಪಟ್ಟಿಯನ್ನು ಅಂತಿಮ ಗೆರೆಯ ಮೇಲೆ ಸರಿಯಾಗಿ ಕೂರಿಸಿರುತ್ತಾರೆ. ಸೆಕೆಂಡಿಗೆ 3,000 ಸಲ ಆ ಪಟ್ಟಿಯನ್ನು ಹಿಡಿದು, ಒಂದರ ಪಕ್ಕ ಒಂದನ್ನು ಜೋಡಿಸುತ್ತ ಹೋದರೆ ಚಿತ್ರ ತಯಾರು. ಹಾಗಾಗಿ ಆ ಚಿತ್ರದಲ್ಲಿ ಎಡದಿಂದ ಬಲಕ್ಕೆ ಇರುವುದು ಜಾಗ ಅಲ್ಲ, ಸಮಯ. ಚಿತ್ರದ ಯಾವ ಬಿಂದುವನ್ನು ಮುಟ್ಟಿದರೂ ಅದು ಅಂತಿಮ ಗೆರೆಯ ಮೇಲಿನದೇ, ಬೇರೆ ಬೇರೆ ಕ್ಷಣದ್ದು, ಅಷ್ಟೆ.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಆ ಚಿತ್ರಗಳ ವಿಚಿತ್ರಗಳೆಲ್ಲ ಅರ್ಥವಾಗುತ್ತವೆ. ಹಿನ್ನೆಲೆ ಬಿಳಿಯಾಗಿ ಕಾಣುವುದು ಅಂತಿಮ ಗೆರೆಗೆ ಬಿಳಿ ಬಣ್ಣ ಬಳಿದಿರುವುದರಿಂದ. ಗೆರೆಯ ಮೇಲೆ ಕಾಲಿಟ್ಟವರ ಪಾದ ದೋಣಿಯ ಹಾಗೆ ಉದ್ದವಾಗುತ್ತದೆ, ಯಾಕೆಂದರೆ ಪಾದ ಅಲ್ಲಿ ನಿಂತಿದ್ದ ಅಷ್ಟೂ ಹೊತ್ತು ಪಟ್ಟಿಯ ಮೇಲೆ ಪಟ್ಟಿ ಸೇರಿತು. ನಿಧಾನಕ್ಕೆ ದಾಟಿದವರ ಮೈ ದಪ್ಪಗೆ, ಜೋರಾಗಿ ದಾಟಿದವರ ಮೈ ತೆಳ್ಳಗೆ ಬರುತ್ತದೆ. ಇಬ್ಬರು ಓಟಗಾರರ ನಡುವೆ ಚಿತ್ರದಲ್ಲಿ ಕಾಣುವ ಅಂತರ ಸೆಂಟಿಮೀಟರ್‌ ಅಲ್ಲ, ಸೆಕೆಂಡಿನ ಭಾಗ.

ಲೆಕ್ಕ ಹಾಕೋಣ. ಈ ಮಟ್ಟದ ಓಟಗಾರ್ತಿ ಗೆರೆ ದಾಟುವಾಗ ಅವಳ ವೇಗ ಸೆಕೆಂಡಿಗೆ ಸುಮಾರು 10 ಮೀಟರ್. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಅವಳು 1 ಸೆಂಟಿಮೀಟರ್ ಮುಂದೆ ಹೋಗುತ್ತಾಳೆ. 3,000 ಪಟ್ಟಿಯ ಕ್ಯಾಮೆರಾದಲ್ಲಿ ಆ ಒಂದು ಸೆಂಟಿಮೀಟರಿಗೆ ಮೂರು ಪಟ್ಟಿಗಳು ಸಿಗುತ್ತವೆ. ಅಂದರೆ ಒಂದೊಂದು ಪಟ್ಟಿಯೂ ಸುಮಾರು 3.3 ಮಿಲಿಮೀಟರ್ ಓಟಕ್ಕೆ ಸಮ. ಟಾರ್ಮೊ, ಫೆಲಿಕ್ಸ್ ನಡುವೆ ಒಂದು ಸೆಂಟಿಮೀಟರ್ ಅಂತರ ನಿಜವಾಗಿಯೂ ಇದ್ದಿದ್ದರೆ, ಮತ್ತು ಇಬ್ಬರ ಮೈಯ ಅಂಚು ಬಯಲಾಗಿ ಕಂಡಿದ್ದರೆ, ಅದನ್ನು ಹಿಡಿಯಲು ಈ ಕ್ಯಾಮೆರಾ ಸಾಕಾಗಿತ್ತು.

ಯಾವ ಅಂಚು?

ನಿಯಮದ ಪ್ರಕಾರ ಓಟ ಮುಗಿಯುವುದು ಓಟಗಾರರ ಮುಂಡದ ಯಾವುದೇ ಭಾಗ ಅಂತಿಮ ಗೆರೆಯ ಹತ್ತಿರದ ಅಂಚಿನ ನೇರಕ್ಕೆ ಬಂದಾಗ. ತಲೆ, ಕುತ್ತಿಗೆ, ತೋಳು, ಕೈ, ಕಾಲು, ಪಾದ ಯಾವುದೂ ಲೆಕ್ಕಕ್ಕಿಲ್ಲ. ಗೆರೆ 5 ಸೆಂಟಿಮೀಟರ್ ಅಗಲ. ಓಟಗಾರರು ಬರುವ ಕಡೆಯ ಅಂಚೇ ಮುಖ್ಯ.

ಚಿತ್ರ ಓದುವವರ ಕೆಲಸ ಹೀಗೆ ನಡೆಯುತ್ತದೆ. ಮೊದಲು ಸೊಂಟದ ಪಕ್ಕ ಅಂಟಿಸಿದ ಲೇನ್ ನಂಬರ್ ನೋಡಿ ಯಾರು ಯಾರು ಎಂದು ಗುರುತಿಸಬೇಕು. ಆಮೇಲೆ ಪರದೆಯ ಮೇಲೆ ಕೂದಲೆಳೆಯಂಥ ಒಂದು ನೆಟ್ಟಗಿನ ಗೆರೆಯನ್ನು ಸರಿಸುತ್ತ, ಒಬ್ಬೊಬ್ಬರ ಮುಂಡದ ಮುಂದಿನ ಅಂಚಿಗೆ ತಾಗಿಸಬೇಕು. ತಾಗಿದ ಜಾಗದ ಸಮಯವನ್ನು ಸಾಫ್ಟ್‌ವೇರ್ ಸಾವಿರದ ಭಾಗದವರೆಗೆ ಓದಿ ಹೇಳುತ್ತದೆ. ಯಂತ್ರದ ಪಾಲು ಇಷ್ಟೇ. ಅಂಚು ಎಲ್ಲಿದೆ ಎಂದು ತೀರ್ಮಾನಿಸುವುದು ಮನುಷ್ಯನ ಕಣ್ಣು. ಫೋಟೊ ಫಿನಿಶ್ ತಾನಾಗಿಯೇ ಗೆದ್ದವರನ್ನು ಹೇಳುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ, ಅದು ತಪ್ಪು.

ಎದೆ ಬಯಲಾಗಿ ಕಂಡರೆ ಈ ಕೆಲಸ ಸುಲಭ. ಆದರೆ ಓಟಗಾರರು ತೋಳು ಬೀಸಿಕೊಂಡೇ ಗೆರೆ ದಾಟುತ್ತಾರೆ. ಕ್ಯಾಮೆರಾದ ಕಡೆಯ ತೋಳು ಮುಂದೆ ಬಂದಿದ್ದರೆ ಅದು ಎದೆಯನ್ನು ಮುಚ್ಚುತ್ತದೆ. ಹೆಗಲು ತಿರುಗಿದ್ದರೆ ಮುಂಡ ಎಲ್ಲಿ ಮುಗಿಯಿತು, ತೋಳು ಎಲ್ಲಿ ಶುರುವಾಯಿತು ಎಂಬುದೇ ಕಷ್ಟ. ಆ ಸಂದಿಗೆ ಚರ್ಮದ ಮೇಲೆ ಗುರುತೇನೂ ಇರುವುದಿಲ್ಲ. ಇನ್ನೊಂದು ಲೆಕ್ಕ ನೋಡಿ: ಮೇಲ್ತೋಳು 8 ಸೆಂಟಿಮೀಟರ್ ದಪ್ಪ ಎಂದುಕೊಂಡರೆ, ಅದು ಚಿತ್ರದಲ್ಲಿ ಸುಮಾರು 24 ಪಟ್ಟಿಗಳನ್ನು ಮುಚ್ಚುತ್ತದೆ. ಹುಡುಕುತ್ತಿರುವ ವ್ಯತ್ಯಾಸವೋ ಮೂರೇ ಪಟ್ಟಿ.

ಮೊದಲ ಓದು, ಎರಡನೇ ಓದು

ಈ ಕೂಟದಲ್ಲಿ ಎರಡು ಕ್ಯಾಮೆರಾಗಳಿದ್ದವು: ಒಂದು ಟ್ರ್ಯಾಕಿನ ಹೊರಬದಿಗೆ, ಇನ್ನೊಂದು ಮೈದಾನದ ಒಳಬದಿಗೆ. ಎರಡು ಇಡುವುದಕ್ಕೆ ಕಾರಣವೇ ತೋಳು. ಒಂದು ಬದಿಯಿಂದ ಮುಚ್ಚಿದ ಎದೆ ಇನ್ನೊಂದು ಬದಿಯಿಂದ ಕಾಣುವ ಸಾಧ್ಯತೆ ಹೆಚ್ಚು, ಯಾಕೆಂದರೆ ಓಡುವಾಗ ಒಂದು ತೋಳು ಮುಂದಿದ್ದರೆ ಇನ್ನೊಂದು ಹಿಂದಿರುತ್ತದೆ. ಈ ಓಟದಲ್ಲಿ ಹೊರಬದಿಯ ಚಿತ್ರ ಉಪಯೋಗಕ್ಕೇ ಬರಲಿಲ್ಲ. ಅದರಲ್ಲಿ ಇಬ್ಬರ ಮುಂಡವನ್ನೂ ಅವರವರ ತೋಳುಗಳೇ ಮರೆಮಾಡಿದ್ದವು. ಉಳಿದದ್ದು ಒಳಬದಿಯ, 3,000 ಪಟ್ಟಿಯ ಚಿತ್ರ ಒಂದೇ.

ಅಲ್ಲಿಯೂ ಟಾರ್ಮೊ ಅವರ ಎದೆಯ ಅಂಚು ಪೂರ್ತಿ ಬಯಲಾಗಿರಲಿಲ್ಲ. ಫೋಟೊ ಫಿನಿಶ್ ಮುಖ್ಯಸ್ಥರಾಗಿದ್ದ ರೋಜರ್ ಜೆನ್ನಿಂಗ್ಸ್, ಕಾಣುತ್ತಿದ್ದ ಮೈಯ ಆಕಾರ ನೋಡಿ, ಮುಚ್ಚಿದ ಅಂಚು ಎಲ್ಲಿರಬಹುದು ಎಂದು ಅನುಭವದಿಂದ ಅಂದಾಜು ಮಾಡಿ ಗೆರೆ ಇಟ್ಟರು. ಟಾರ್ಮೊ 11.067, ಫೆಲಿಕ್ಸ್ 11.068. ಫಲಕಕ್ಕೆ ಹೋದದ್ದು ಈ ಓದು.

ಆಮೇಲೆ ಅವರು ಮಾಡಿದ ಕೆಲಸ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಗೌರವಕ್ಕೆ ಯೋಗ್ಯವಾದದ್ದು. ತಮ್ಮ ಓದಿನಲ್ಲಿ ಅಂದಾಜು ಸೇರಿದೆ ಎಂದು ಅವರಿಗೆ ಗೊತ್ತಿತ್ತು. ಯಾರೂ ಬಂದು ಕೇಳುವ ಮೊದಲೇ, ಇದನ್ನು ನೀವೂ ನೋಡಿ ಎಂದು ತಾವೇ ರೆಫರಿಗಳನ್ನು ಕರೆದರು. ಅವರು ಅದೇ ಚಿತ್ರವನ್ನು ನೋಡಿದರು. ಕಾಣುವ ಸಾಕ್ಷ್ಯವನ್ನಷ್ಟೇ ಹಿಡಿದರೆ ಟಾರ್ಮೊ ಮುಂದಿದ್ದರು ಎನ್ನಲು ಆಧಾರ ಸಿಗಲಿಲ್ಲ. ಇಬ್ಬರಿಗೂ 11.068 ಎಂದು ಬರೆದು ಸಮ ಎಂದು ಘೋಷಿಸಿದರು.

ಮೊದಲ ಓದು ತಪ್ಪು, ಎರಡನೆಯದು ಸರಿ ಎಂದು ಇದನ್ನು ಅರ್ಥ ಮಾಡಿಕೊಳ್ಳಬಾರದು. ಟಾರ್ಮೊ ಒಂದು ಸೆಂಟಿಮೀಟರ್ ಮುಂದೆ ಇದ್ದಿರಲೂಬಹುದು, ಹಿಂದೆ ಇದ್ದಿರಲೂಬಹುದು. ಎರಡನೇ ಓದು ಹೇಳಿದ್ದು ಇಷ್ಟೇ: ಈ ಚಿತ್ರದಿಂದ ಅದನ್ನು ಸಾಬೀತು ಮಾಡಲಾಗದು. ಒಬ್ಬರ ಅಂದಾಜಿನ ಮೇಲೆ ಒಲಿಂಪಿಕ್ ಜಾಗ ಕೊಡುವುದಕ್ಕಿಂತ ಇದು ನ್ಯಾಯ ಎಂಬುದೇ ನಮ್ಮ ನಿಲುವು. ಆದರೆ ಫಲಕದಲ್ಲಿ ಹೆಸರು ಹೊತ್ತಿಸುವ ಮುನ್ನ ಈ ಎರಡನೇ ನೋಟ ಆಗಬೇಕಿತ್ತು. ಪದಕ ಕೊಟ್ಟು ಆಮೇಲೆ ಬದಲಿಸಿದ್ದು ಟಾರ್ಮೊ ಅವರಿಗೆ ಆದ ದೊಡ್ಡ ನೋವು. ಇದು ಮಾತ್ರ ತಪ್ಪಿಸಬಹುದಾಗಿದ್ದ ಸಂಗತಿ.

11.07 ಎಂಬ ಅಂಕಿ ಮಾಡುವ ಮೋಸ

ಫಲಕದಲ್ಲಿ ಸಮಯ ನೂರರ ಭಾಗಕ್ಕೆ ಬರುತ್ತದೆ, ಅದೂ ಯಾವಾಗಲೂ ಮೇಲಕ್ಕೆ ಏರಿಸಿ. 11.061 ಬಂದರೂ 11.07, 11.070 ಬಂದರೂ 11.07. ಆದರೆ 11.071 ಬಂದರೆ 11.08. ಹೀಗಾಗಿ ಸಾವಿರದ ಒಂಬತ್ತು ಭಾಗ, ಅಂದರೆ 9 ಸೆಂಟಿಮೀಟರ್ ಅಂತರದಲ್ಲಿ ಬಂದ ಇಬ್ಬರಿಗೆ ಒಂದೇ ಸಮಯ ಬರಬಹುದು, ಒಂದೇ ಸೆಂಟಿಮೀಟರ್ ಅಂತರದ ಇಬ್ಬರಿಗೆ ಬೇರೆ ಬೇರೆ ಸಮಯ ಬರಬಹುದು. ಒಂದೇ ಓಟದೊಳಗೆ ಸ್ಥಾನ ನಿರ್ಧರಿಸುವುದು ಈ ಅಂಕಿಯಲ್ಲ, ಚಿತ್ರ. ಸಮಯ ಒಂದೇ ಆಗಿದ್ದರೂ ಚಿತ್ರದಲ್ಲಿ ಒಬ್ಬರು ಮುಂದೆ ಕಂಡರೆ ಅವರೇ ಮುಂದೆ.

ನಮ್ಮಲ್ಲಿ ಪಿ.ಟಿ. ಉಷಾ ಅವರ ನೆನಪು ಬರದೆ ಇರದು. 1984ರ ಲಾಸ್ ಏಂಜಲೀಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಕಂಚು ರೊಮೇನಿಯಾದ ಕೊಜೊಕಾರು ಅವರಿಗೆ 55.41ಕ್ಕೆ ಹೋಯಿತು, ಉಷಾ 55.42. ಓಟದ ಕೊನೆಯ ವೇಗದಲ್ಲಿ ನೂರರ ಒಂದು ಭಾಗ ಎಂದರೆ ಏಳೆಂಟು ಸೆಂಟಿಮೀಟರ್. ಎದೆ ಮುಂದಕ್ಕೆ ಬಾಗಿಸಿದರೆ ಅಷ್ಟು ದೂರ ಸಿಗುತ್ತದೆ, ಅದಕ್ಕೇ ಆ ಸೋಲು ಇವತ್ತಿಗೂ ಚುಚ್ಚುತ್ತದೆ. ಆದರೂ ಚಿತ್ರ ಓದುವವರಿಗೆ ಅದು ಸ್ಪಷ್ಟ ಅಂತರ. ಯೂಜೀನ್‌ನಲ್ಲಿ ಹುಡುಕುತ್ತಿದ್ದದ್ದು ಅದರ ಏಳೆಂಟರಲ್ಲಿ ಒಂದು ಪಾಲು.

ಇನ್ನೂ ವೇಗದ ಕ್ಯಾಮೆರಾ ಇದ್ದಿದ್ದರೆ?

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬಳಸಿದ ಕ್ಯಾಮೆರಾ ಸೆಕೆಂಡಿಗೆ 40,000 ಪಟ್ಟಿ ಹಿಡಿಯುತ್ತಿತ್ತು. ಅಲ್ಲಿ ಪುರುಷರ 100 ಮೀಟರಿನಲ್ಲಿ ನೋವಾ ಲೈಲ್ಸ್ 9.784, ಕಿಶೇನ್ ಥಾಂಪ್ಸನ್ 9.789, ಫಲಕದಲ್ಲಿ ಇಬ್ಬರಿಗೂ 9.79. ಚಿತ್ರ ನೋಡಿದವರಲ್ಲಿ ಹಲವರು ಥಾಂಪ್ಸನ್ ಪಾದ ಮುಂದಿದೆಯಲ್ಲ ಎಂದರು. ಪಾದ ಲೆಕ್ಕಕ್ಕಿಲ್ಲ. ಲೈಲ್ಸ್ ಅವರ ಮುಂಡದ ಅಂಚು ಬಯಲಾಗಿ ಕಾಣುತ್ತಿತ್ತು, ಅಂತರವೂ ಐದಾರು ಸೆಂಟಿಮೀಟರ್ ಇತ್ತು. ಯೂಜೀನ್‌ನ 3,000 ಪಟ್ಟಿಯ ಕ್ಯಾಮೆರಾ ಅಲ್ಲಿದ್ದಿದ್ದರೂ ಅದೇ ಉತ್ತರ ಬರುತ್ತಿತ್ತು. ಅದೇ ರೀತಿ ಪ್ಯಾರಿಸ್‌ನ ಕ್ಯಾಮೆರಾವನ್ನು ಯೂಜೀನ್‌ಗೆ ಒಯ್ದು ಅದೇ ಕೋನದಲ್ಲಿ ಇಟ್ಟಿದ್ದರೆ, ಟಾರ್ಮೊ ಅವರ ತೋಳು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ತೋಳಿನ ಹಿಂದಿನ ಎದೆ ಕಾಣುತ್ತಿರಲಿಲ್ಲ.

ಪಟ್ಟಿಗಳ ಸಂಖ್ಯೆ ಹೆಚ್ಚಿಸುವುದಕ್ಕೆ ಬೆಲೆಯೂ ಇದೆ. 3,000 ಪಟ್ಟಿ ಹಿಡಿಯುವಾಗ ಒಂದು ಪಟ್ಟಿಗೆ ಬೆಳಕು ಬೀಳಲು ಸಿಗುವ ಸಮಯ ಸೆಕೆಂಡಿನ ಮೂರು ಸಾವಿರದ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಸಂಜೆ ಅಥವಾ ಮೋಡದ ಹೊತ್ತಿನಲ್ಲಿ ಸಂಖ್ಯೆ ಏರಿಸುತ್ತ ಹೋದರೆ ಚಿತ್ರ ಕಪ್ಪಾಗುತ್ತದೆ, ಕಾಳು ಕಾಳಾಗುತ್ತದೆ, ಗಾಢ ಬಣ್ಣದ ಜೆರ್ಸಿಯ ಅಂಚು ನೆರಳಿನೊಳಗೆ ಸೇರಿಹೋಗುತ್ತದೆ. ಬೆಳಕು ಸಾಲದ ಕೂಟದಲ್ಲಿ 2,000 ಪಟ್ಟಿಯ ಸ್ವಚ್ಛ ಚಿತ್ರ, 3,000ದ ಮಸುಕು ಚಿತ್ರಕ್ಕಿಂತ ಚೆನ್ನಾಗಿ ಓದಲು ಸಿಗುತ್ತದೆ.

ಹೆಚ್ಚು ಲಾಭ ಇರುವುದು ಕ್ಯಾಮೆರಾ ಕೂರಿಸುವುದರಲ್ಲಿ. ಅದು ಅಂತಿಮ ಗೆರೆಯ ನೇರಕ್ಕೆ, ಸಾಕಷ್ಟು ಎತ್ತರದಲ್ಲಿ ಇರಬೇಕು. ತಗ್ಗಿನಲ್ಲಿದ್ದರೆ ಹತ್ತಿರದ ಲೇನಿನವರು ದೂರದವರನ್ನು ಮುಚ್ಚುತ್ತಾರೆ. ನೇರ ತಪ್ಪಿದರೆ ಏನಾಗುತ್ತದೆ ನೋಡಿ: 1.22 ಮೀಟರಿನ ಎಂಟು ಲೇನ್ ಸೇರಿ 9.76 ಮೀಟರ್ ಅಗಲ. ಕ್ಯಾಮೆರಾ ಒಂದು ಡಿಗ್ರಿಯ ಹತ್ತರಲ್ಲಿ ಒಂದು ಭಾಗ ವಾಲಿದರೂ ಈ ತುದಿಗೂ ಆ ತುದಿಗೂ 1.7 ಸೆಂಟಿಮೀಟರ್ ವ್ಯತ್ಯಾಸ ಬೀಳುತ್ತದೆ, ಸಮಯದಲ್ಲಿ ಸಾವಿರದ ಎರಡು ಭಾಗದ ಹತ್ತಿರ. ಪಕ್ಕಪಕ್ಕದ ಲೇನಿನವರಿಗೆ ಇದು ಎರಡು ಮಿಲಿಮೀಟರ್ ಅಷ್ಟೇ, ಒಂದನೇ ಮತ್ತು ಎಂಟನೇ ಲೇನಿನವರಿಗೆ ಸ್ಥಾನವನ್ನೇ ಬದಲಿಸಬಲ್ಲದು. ಇದನ್ನು ಪರೀಕ್ಷಿಸಲೆಂದೇ ಲೇನ್ ಗೆರೆಗಳು ಅಂತಿಮ ಗೆರೆಯನ್ನು ಸೇರುವಲ್ಲಿ ಕಪ್ಪು ಬಣ್ಣ ಬಳಿಯುತ್ತಾರೆ. ಕ್ಯಾಮೆರಾದ ಪಟ್ಟಿ ಸರಿಯಾಗಿ ಕೂತಿದ್ದರೆ ಎಲ್ಲ ಲೇನಿನ ಕಪ್ಪು ಗುರುತುಗಳೂ ಒಂದೇ ರೀತಿ ಕಾಣುತ್ತವೆ. ಒಂದು ತುದಿಯಲ್ಲಿ ಕಂಡು ಇನ್ನೊಂದು ತುದಿಯಲ್ಲಿ ಮಾಯವಾದರೆ ಕ್ಯಾಮೆರಾ ತಿರುಗಿದೆ ಎಂದೇ ಅರ್ಥ. ಗಾಳಿಗೆ, ಯಾರಾದರೂ ಸ್ಟ್ಯಾಂಡಿಗೆ ತಗುಲಿದ್ದಕ್ಕೆ, ಇದು ಕೂಟದ ನಡುವೆಯೂ ಆಗುವುದುಂಟು.

ಇನ್ನೊಂದು ಪರೀಕ್ಷೆ ಪಿಸ್ತೂಲಿನದು. ಕೂಟ ಶುರುವಾಗುವ ಮುನ್ನ ಕ್ಯಾಮೆರಾದ ಎದುರೇ ಗುಂಡು ಹಾರಿಸಿ, ಚಿತ್ರದಲ್ಲಿ ಅದರ ಹೊಳಪು ಸೊನ್ನೆ ಸಮಯಕ್ಕೇ ಬಿದ್ದಿದೆಯೇ ಎಂದು ನೋಡುತ್ತಾರೆ. ಸಾವಿರದ ಒಂದು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ದಾಖಲೆಗಳಿಗೆ ಇದು ಪ್ರಾಣ. ಆದರೆ ಟಾರ್ಮೊ–ಫೆಲಿಕ್ಸ್ ಪ್ರಶ್ನೆಗೆ ಇದು ಸಂಬಂಧಿಸಿದ್ದಲ್ಲ, ಯಾಕೆಂದರೆ ಗಡಿಯಾರ ಶುರುವಾಗುವುದರಲ್ಲಿ ತಪ್ಪಿದ್ದರೆ ಅದು ಇಬ್ಬರಿಗೂ ಒಂದೇ ಆಗಿರುತ್ತದೆ.

ಎಷ್ಟು ಸೂಕ್ಷ್ಮಕ್ಕೆ ಹೋಗಬೇಕು ಎಂಬ ಪ್ರಶ್ನೆಗೆ ಈಜು ಬೇರೆ ಉತ್ತರ ಕಂಡುಕೊಂಡಿದೆ. 1972ರ ಮ್ಯೂನಿಕ್‌ನಲ್ಲಿ 400 ಮೀಟರ್ ವೈಯಕ್ತಿಕ ಮೆಡ್ಲೆ ಚಿನ್ನ ಗುನ್ನಾರ್ ಲಾರ್ಸನ್ ಅವರಿಗೆ ಟಿಮ್ ಮೆಕೀ ಅವರಿಗಿಂತ ಸಾವಿರದ ಎರಡು ಭಾಗದ ಅಂತರದಲ್ಲಿ ಸಿಕ್ಕಿತು. ಈಜಿನ ವೇಗದಲ್ಲಿ ಅದು ಮೂರು ಮಿಲಿಮೀಟರ್ ಕೂಡ ಅಲ್ಲವೇನೋ ಎನ್ನುವಷ್ಟು. ಕೊಳ ಕಟ್ಟುವಾಗ ಲೇನಿಂದ ಲೇನಿಗೆ ಬರುವ ಉದ್ದದ ವ್ಯತ್ಯಾಸವೇ ಅದಕ್ಕಿಂತ ಹೆಚ್ಚಿರುತ್ತದೆ. ಆಮೇಲೆ ಈಜಿನಲ್ಲಿ ನೂರರ ಭಾಗಕ್ಕೆ ನಿಲ್ಲಿಸಿ, ಅಲ್ಲಿ ಸಮ ಬಂದರೆ ಪದಕ ಹಂಚುತ್ತಾರೆ. ಓಟದಲ್ಲಿ ಸಾವಿರದ ಭಾಗವೇ ಕೊನೆ.

ಸಮ ಬಂದಾಗ ನಿಯಮ ಏನು ಹೇಳುತ್ತದೆ

ಮುಂದಿನ ಸುತ್ತಿಗೆ ಹೋಗುವ ಪ್ರಶ್ನೆಯಾದರೆ ದಾರಿ ಸರಳ. ಸಾವಿರದ ಭಾಗ ನೋಡಬೇಕು, ಅದೂ ಸಮವಾದರೆ ಲೇನ್ ಸಿಗುವುದಾದರೆ ಇಬ್ಬರನ್ನೂ ಒಳಗೆ ತೆಗೆದುಕೊಳ್ಳಬೇಕು, ಆಗದಿದ್ದರೆ ಚೀಟಿ ಎತ್ತಬೇಕು. ಫೈನಲ್‌ನಲ್ಲಿ ಮೊದಲ ಸ್ಥಾನಕ್ಕೆ ಸಮ ಬಂದರೆ ಮತ್ತೆ ಓಡಿಸುವುದು ಸಾಧ್ಯವೇ ಎಂದು ರೆಫರಿ ತೀರ್ಮಾನಿಸಬಹುದು ಎಂದು ಆಗಿನ ಅಂತರರಾಷ್ಟ್ರೀಯ ನಿಯಮ ಹೇಳುತ್ತಿತ್ತು. ಉಳಿದ ಸ್ಥಾನಗಳ ಸಮ ಸಮವಾಗಿಯೇ ಉಳಿಯುತ್ತದೆ. ಸಾಮಾನ್ಯ ಕೂಟದಲ್ಲಿ ಇದರಿಂದ ತೊಂದರೆಯಿಲ್ಲ, ಇಬ್ಬರಿಗೂ ಕಂಚು ಕೊಟ್ಟರಾಯಿತು. ಟ್ರಯಲ್ಸ್‌ನಲ್ಲಿ ಹಂಚುವಂತಿರಲಿಲ್ಲ, ವಿಮಾನ ಹತ್ತುವವರು ಮೂವರೇ. ಆಯ್ಕೆಯ ಕೊನೇ ಜಾಗಕ್ಕೆ ಸಮ ಬಂದರೆ ಏನು ಎಂದು ಅಮೆರಿಕದ ಅಥ್ಲೆಟಿಕ್ಸ್ ಸಂಸ್ಥೆ ಮೊದಲೇ ಬರೆದಿಟ್ಟಿರಲಿಲ್ಲ.

ಮರುದಿನ, ಜೂನ್ 24ರಂದು, ಸಂಸ್ಥೆ ಒಂದು ಕ್ರಮ ಪ್ರಕಟಿಸಿತು. ಒಬ್ಬರು ಜಾಗ ಬಿಟ್ಟುಕೊಟ್ಟರೆ ಇನ್ನೊಬ್ಬರಿಗೆ ಅದು ಹೋಗುತ್ತದೆ. ಇಬ್ಬರೂ ಮರು ಓಟ ಬಯಸಿದರೆ ಮರು ಓಟ, ಇಬ್ಬರೂ ನಾಣ್ಯ ಬಯಸಿದರೆ ನಾಣ್ಯ. ಒಬ್ಬರು ಅದು, ಇನ್ನೊಬ್ಬರು ಇದು ಎಂದರೆ ಮರು ಓಟ. ಇಬ್ಬರೂ ಏನನ್ನೂ ಹೇಳದಿದ್ದರೆ ನಾಣ್ಯ. ನಾಣ್ಯದ ವಿವರ ಓದಿದರೆ ಸಂಸ್ಥೆ ಎಷ್ಟು ಗಾಬರಿಯಲ್ಲಿತ್ತು ಎಂದು ಗೊತ್ತಾಗುತ್ತದೆ: ಜಾರ್ಜ್ ವಾಷಿಂಗ್ಟನ್ ಮುಖ ಒಂದು ಕಡೆ, ಹದ್ದು ಇನ್ನೊಂದು ಕಡೆ ಇರುವ ಕಾಲು ಡಾಲರ್ ನಾಣ್ಯವನ್ನು ತೋರುಬೆರಳು, ಹೆಬ್ಬೆರಳ ಮೇಲೆ ಹೇಗೆ ಇಡಬೇಕು, ಚಿಮ್ಮಿದ ಮೇಲೆ ಅದು ನೆಲಕ್ಕೆ ಬೀಳಲು ಬಿಡಬೇಕು ಎಂಬಷ್ಟರವರೆಗೆ ಬರೆದಿದ್ದರು. ಒಳ್ಳೆಯ ಅಂಶವೂ ಒಂದಿತ್ತು. ಒಬ್ಬರಿಗಾದರೂ ಓಡುವ ಮನಸ್ಸಿದ್ದರೆ ನಾಣ್ಯಕ್ಕಿಂತ ಓಟಕ್ಕೆ ಆದ್ಯತೆ ಇತ್ತು.

ಇಬ್ಬರಿಗೂ ಬಾಬಿ ಕರ್ಸಿ ಒಬ್ಬರೇ ಕೋಚ್. ಇಬ್ಬರೂ ಅದೇ ಟ್ರಯಲ್ಸ್‌ನಲ್ಲಿ 200 ಮೀಟರ್ ಕೂಡ ಓಡಬೇಕಿದ್ದರಿಂದ, ಆ ಫೈನಲ್ ಮುಗಿಯುವವರೆಗೆ ತೀರ್ಮಾನ ಹೇಳದೆ ಉಳಿದರು. ಜೂನ್ 30ರಂದು ಫೆಲಿಕ್ಸ್ 21.69ರಲ್ಲಿ ಆ ಓಟ ಗೆದ್ದರು. ಆಮೇಲೆ ಮರು ಓಟ ಎಂದು ನಿಶ್ಚಯವಾಗಿ, ಜುಲೈ 2ರ ಸೋಮವಾರ ಸಂಜೆ ಹೇವರ್ಡ್ ಫೀಲ್ಡ್‌ನಲ್ಲಿ ಟಿವಿ ನೇರ ಪ್ರಸಾರದೊಂದಿಗೆ ಅದು ನಡೆಯಬೇಕಿತ್ತು. ಅದೇ ದಿನ ಟಾರ್ಮೊ ಹಿಂದೆ ಸರಿದರು. ತಾನು ಒಮ್ಮೆ ಗಳಿಸಿದ್ದ ಜಾಗಕ್ಕೆ ಮತ್ತೆ ಓಡಬೇಕಾಗಿ ಬಂದದ್ದು ಅವರ ಮನಸ್ಸಿಗೆ ಒಗ್ಗಲಿಲ್ಲ. ಮೊದಲ ಫಲಕದಲ್ಲಿ ತಮ್ಮ ಹೆಸರು ನೋಡಿದ್ದವರಿಗೆ ಹಾಗನ್ನಿಸುವುದು ಸಹಜ.

ಫೆಲಿಕ್ಸ್ ಲಂಡನ್‌ನಲ್ಲಿ 100 ಮೀಟರ್ ಓಡಿ 10.89ರಲ್ಲಿ ಐದನೆಯವರಾದರು, 200 ಮೀಟರ್ ಚಿನ್ನ ಗೆದ್ದರು. ಟಾರ್ಮೊ 4×100 ರಿಲೇ ತಂಡದ ಜೊತೆ ಹೋಗಿ ಹೀಟ್ಸ್‌ನಲ್ಲಿ ಓಡಿದರು. ಫೈನಲ್‌ನಲ್ಲಿ ಮ್ಯಾಡಿಸನ್, ಫೆಲಿಕ್ಸ್, ಬಿಯಾಂಕಾ ನೈಟ್, ಜೆಟರ್ ನಾಲ್ವರೂ 40.82 ಸೆಕೆಂಡಿನ ವಿಶ್ವದಾಖಲೆ ಮಾಡಿದರು. ಹೀಟ್ಸ್ ಓಡಿದವರಿಗೂ ಪದಕ ಉಂಟು, ಹಾಗಾಗಿ ಆ ರಿಲೇ ಚಿನ್ನ ಟಾರ್ಮೊ ಅವರ ಕೈಗೂ ಬಂತು.